ರಂಗೋಲಿಗೆ ಅಂಕ, ಎಲ್ಲರ ಕಣ್ಣೆದುರಿಗೆ

ಬಡಾವಣೆಯ ಸಂಕ್ರಾಂತಿ ರಂಗೋಲಿ ಸ್ಪರ್ಧೆ ಮುಗಿದ ರಾತ್ರಿ ಗೆದ್ದವರ ಮನೆಯಲ್ಲಿ ಸಂಭ್ರಮ ಇದ್ದೇ ಇರುತ್ತದೆ. ಉಳಿದ ಮನೆಗಳಲ್ಲಿ ಬೇರೆಯೇ ಮಾತು. "ಅವರ ಮನೆ ಮುಂದೆ ಜಾಗ ಜಾಸ್ತಿ ಇತ್ತು ಕಣ್ರೀ, ಅದಕ್ಕೇ ಕೊಟ್ಟರು", "ಬಣ್ಣ ಸುರಿದವರಿಗೆ ಬಹುಮಾನ, ಚುಕ್ಕಿ ಇಟ್ಟವರಿಗೆ ಚಪ್ಪಾಳೆ", "ಅಧ್ಯಕ್ಷರ ತಂಗಿ ಅಲ್ಲವೇ ಅವರು?" ಈ ಮಾತುಗಳಲ್ಲಿ ಹೊಟ್ಟೆಕಿಚ್ಚು ಎಷ್ಟು, ನಿಜ ಎಷ್ಟು ಎಂದು ಹೇಳುವ ದಾರಿ ಯಾರಿಗೂ ಇರುವುದಿಲ್ಲ. ಅಂಕ ಹೇಗೆ ಕೊಟ್ಟರು ಎಂಬುದು ತೀರ್ಪುಗಾರರ ತಲೆಯಲ್ಲಿ ಮಾತ್ರ ಇದೆ, ಅದೂ ಎರಡು ದಿನದ ಮೇಲೆ ಅವರಿಗೇ ನೆನಪಿರುವುದಿಲ್ಲ.

ಮೊದಲು ತೀರ್ಪುಗಾರರು ಬೀದಿ ಬೀದಿ ನಡೆದು ರಂಗೋಲಿ ನೋಡುತ್ತಿದ್ದರು. ಈಗ ಹೆಚ್ಚಿನ ಕಡೆ ಫೋಟೊ ಕಳಿಸಿದರೆ ಸಾಕು. ಇದರಿಂದ ನಾಲ್ಕನೇ ಮಹಡಿಯವರೂ ಸೇರಬಹುದು, ಹಾಲಿನ ವ್ಯಾನು ರಂಗೋಲಿಯ ಮೇಲೆ ಹಾದುಹೋದರೂ ಚಿಂತೆಯಿಲ್ಲ. ಆದರೆ ಹೊಸ ತೊಡಕೊಂದು ಸೇರಿಕೊಂಡಿದೆ. ತೀರ್ಪುಗಾರರು ನೋಡುತ್ತಿರುವುದು ನೆಲದ ಮೇಲಿನ ರಂಗೋಲಿಯನ್ನಲ್ಲ, ಫೋನು ಕಂಡ ರಂಗೋಲಿಯನ್ನು. ಕೈ ತಪ್ಪಿದ್ದು ಯಾವುದು, ಕ್ಯಾಮೆರಾ ತಪ್ಪಿದ್ದು ಯಾವುದು ಎಂದು ಬಿಡಿಸಿ ನೋಡಲು ಬಾರದ ಅಂಕಪಟ್ಟಿ ಎಷ್ಟೇ ಬಹಿರಂಗವಾಗಿದ್ದರೂ ನ್ಯಾಯ ಕೊಡಲಾರದು.

ಸುಮಾರು ನಲವತ್ತು ಮನೆಗಳಿಂದ ಫೋಟೊ ಬರುವ ಒಂದು ಸ್ಪರ್ಧೆಯನ್ನು ಕಣ್ಣ ಮುಂದೆ ಇಟ್ಟುಕೊಂಡು, ಮೂವರು ತೀರ್ಪುಗಾರರ ಲೆಕ್ಕದಲ್ಲಿ ಇಡೀ ಕೆಲಸವನ್ನು ನೋಡೋಣ.

ಮೊದಲಿಗೆ ಫೋಟೊ. ಹೆಸರು ಕೊಟ್ಟವರಿಗೆಲ್ಲ ಮುಂಚಿನ ದಿನವೇ ಒಂದು ಬಿಳಿ ಚೀಟಿ ಕೊಡಬೇಕು. 20 ಸೆಂಟಿಮೀಟರಿನ ಚೌಕ, ಒಂದು ಮೂಲೆಯಲ್ಲಿ ದಪ್ಪಕ್ಷರದಲ್ಲಿ ಸ್ಪರ್ಧೆಯ ಸಂಖ್ಯೆ, ಉಳಿದದ್ದೆಲ್ಲ ಖಾಲಿ. ಮಾಮೂಲಿ ಎ4 ಹಾಳೆಯ ಅಗಲ 21 ಸೆಂಟಿಮೀಟರ್ ಇರುವುದರಿಂದ ಕತ್ತರಿಸುವುದು ಸುಲಭ. ಈ ಚೀಟಿಯನ್ನು ರಂಗೋಲಿಯ ಪಕ್ಕದಲ್ಲೇ ನೆಲಕ್ಕೆ ಇಟ್ಟು ಫೋಟೊ ತೆಗೆಯಬೇಕು ಎಂಬುದು ನಿಯಮ. ಇಷ್ಟು ಸಣ್ಣ ಕಾಗದ ನಾಲ್ಕು ಕೆಲಸ ಮಾಡುತ್ತದೆ. ಸಂಖ್ಯೆ ಇರುವುದರಿಂದ ಹೋದ ವರ್ಷದ ಚಿತ್ರವನ್ನೋ ಇಂಟರ್‌ನೆಟ್ಟಿನಿಂದ ಇಳಿಸಿಕೊಂಡದ್ದನ್ನೋ ಕಳಿಸುವುದು ಕಷ್ಟ. ಅಳತೆ ಗೊತ್ತಿರುವುದರಿಂದ ರಂಗೋಲಿ ಎಷ್ಟು ದೊಡ್ಡದು ಎಂದು ತಿಳಿಯುತ್ತದೆ. ಖಾಲಿ ಭಾಗ ಬಿಳಿಯಾಗಿಯೇ ಕಾಣಬೇಕು. ಅದು ಹಳದಿಗೋ ನೀಲಿಗೋ ತಿರುಗಿದ್ದರೆ ಬಣ್ಣ ಬದಲಿಸಿದ್ದು ಬೆಳಕು ಅಥವಾ ಫಿಲ್ಟರು, ಪುಡಿಯಲ್ಲ ಎಂದು ಗೊತ್ತಾಗುತ್ತದೆ. ನಾಲ್ಕನೆಯದೇ ಎಲ್ಲಕ್ಕಿಂತ ಉಪಯೋಗದ್ದು. ಚೌಕ ಚೌಕವಾಗಿ ಕಾಣದೆ, ಹತ್ತಿರದ ಅಂಚು ಉದ್ದ, ದೂರದ ಅಂಚು ಗಿಡ್ಡ ಎಂದು ಕಂಡರೆ ಫೋನನ್ನು ಓರೆಯಾಗಿ ಹಿಡಿದಿದ್ದಾರೆ ಎಂದರ್ಥ.

ಓರೆ ಎಂಬುದು ಚಿಕ್ಕ ವಿಷಯವಲ್ಲ. ನಿಂತಲ್ಲಿಂದಲೇ ಮುಂದೆ ಬಾಗಿ ಫೋಟೊ ತೆಗೆದರೆ ವೃತ್ತ ಮೊಟ್ಟೆಯಾಕಾರ ತಾಳುತ್ತದೆ, ದೂರದ ದಳಗಳು ಸಣ್ಣಗಾಗುತ್ತವೆ. ಅಂಥ ಚಿತ್ರ ನೋಡಿದ ತೀರ್ಪುಗಾರರ ಕೈ ತಾನಾಗಿಯೇ ಅಳತೆಗೆ ಕಡಿಮೆ ಅಂಕ ಬರೆಯುತ್ತದೆ. ಇದು ಕೈಯ ತಪ್ಪೋ ಕ್ಯಾಮೆರಾದ್ದೋ ಎಂದು ತಿಳಿಯಬೇಕಾದರೆ ಚೀಟಿಯನ್ನೂ ನೆಲದ ಟೈಲ್ಸಿನ ಗೆರೆಗಳನ್ನೂ ನೋಡಬೇಕು. ಟೈಲ್ಸು ಕೂಡ ದೂರ ಹೋದಂತೆ ಕಿರಿದಾಗಿದ್ದರೆ ದಳ ಕಿರಿದಾದದ್ದಕ್ಕೆ ಬರೆದವರು ಹೊಣೆಯಲ್ಲ. ಟೈಲ್ಸು ಸರಿಯಾಗಿದ್ದು ದಳ ಮಾತ್ರ ಸೊರಗಿದ್ದರೆ ಕೈ ತಪ್ಪಿದೆ. ಇನ್ನೊಂದು ಸಾಮಾನ್ಯ ತಪ್ಪು, ದೊಡ್ಡ ರಂಗೋಲಿ ಇಡಿಯಾಗಿ ಹಿಡಿಸಲಿ ಎಂದು ಫೋನಿನಲ್ಲಿ `0.5x` ಒತ್ತುವುದು. ಆಗ ಅಂಚಿನಲ್ಲಿರುವ ಬಳ್ಳಿ, ದೀಪ ಎಲ್ಲ ಹೊರಕ್ಕೆ ಎಳೆದಂತೆ ಆಗುತ್ತವೆ. `1x`ನಲ್ಲಿಯೇ ಇಟ್ಟುಕೊಂಡು, ಕುರ್ಚಿಯ ಮೇಲೋ ಮೆಟ್ಟಿಲ ಮೇಲೋ ನಿಂತು, ಎರಡೂ ಕೈ ಚಾಚಿ ನೇರ ಮೇಲಿನಿಂದ ತೆಗೆದರೆ ಸಾಕು.

ಒಂದೇ ಫೋಟೊ ಸಾಲದು, ಮೂರು ಬೇಕು. ಚುಕ್ಕಿ ಅಥವಾ ಹೊರಗೆರೆ ಮಾತ್ರ ಇರುವ, ಅರ್ಧ ಆದಾಗಿನದು ಒಂದು. ಮುಗಿದ ಮೇಲೆ ನೇರ ಮೇಲಿನಿಂದ ಒಂದು. ಯಾವುದಾದರೂ ಕಾಲುಭಾಗವನ್ನು ಹತ್ತಿರದಿಂದ ತೆಗೆದದ್ದು ಒಂದು. ಮೊದಲನೆಯದು ಅಚ್ಚು, ಜಾಲರಿ, ಸ್ಟಿಕ್ಕರು ಬಳಸಿಲ್ಲ ಎಂಬುದಕ್ಕೆ ಸಾಕ್ಷಿ. ಮೂರನೆಯದು ಇಲ್ಲದೆ ಎಳೆಯ ನಯ ಗೊತ್ತಾಗುವುದೇ ಇಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದರೆ ಅದು ಫೋಟೊವನ್ನು ಕುಗ್ಗಿಸಿಬಿಡುತ್ತದೆ. ತೆಳು ಎಳೆಯ ಅಂಚು ಮಸುಕಾಗುವುದು ಅಲ್ಲಿಯೇ. ಹಾಗಾಗಿ ಫೋಟೊವನ್ನು ಡಾಕ್ಯುಮೆಂಟ್ ಆಗಿ ಕಳಿಸಿ ಎಂದು ಮೊದಲೇ ಹೇಳಬೇಕು. ಫ್ಲ್ಯಾಶ್ ಬೇಡ. ಬಿಳಿ ಪುಡಿಯ ಮೇಲೆ ಫ್ಲ್ಯಾಶ್ ಬಿದ್ದರೆ ಎಳೆಗಳು ಒಂದಕ್ಕೊಂದು ಅಂಟಿಕೊಂಡು ಬಿಳಿ ಮುದ್ದೆಯಾಗಿ ಕಾಣುತ್ತವೆ.

ಇಷ್ಟು ಆದ ಮೇಲೆ ಫೋಟೊದ ಅಂದಕ್ಕೆ ಅಂಕವಿಲ್ಲ ಎಂದು ಪಟ್ಟಿಯ ತಲೆಯಲ್ಲೇ ಬರೆಯಬೇಕು. ಒಳ್ಳೆಯ ಫೋನು ಇರುವವರಿಗೆ ಬಹುಮಾನ ಕೊಡಲು ಹೊರಟದ್ದಲ್ಲ. ಹಾಗೆಯೇ ಗಾತ್ರಕ್ಕೂ ಅಂಕವಿಲ್ಲ. ಸ್ವಂತ ಮನೆಯವರಿಗೆ ಇಡೀ ರಸ್ತೆ ಇದೆ, ಅಪಾರ್ಟ್‌ಮೆಂಟಿನವರಿಗೆ ಬಾಗಿಲ ಮುಂದೆ ಮೂರಡಿ ಜಾಗ. ನಾಲ್ಕಡಿ ಚೌಕ ಮೀರಬಾರದು ಎಂದು ಮಿತಿ ಹಾಕಿದರೆ ಈ ಜಗಳದ ಅರ್ಧ ಅಲ್ಲಿಗೇ ಮುಗಿಯುತ್ತದೆ.

ಈಗ ಅಂಕಪಟ್ಟಿಗೆ ಬರೋಣ. ಐದು ಕಲಮು ಸಾಕು: ಎಳೆ, ಅಳತೆ, ಬಣ್ಣ, ಕಲ್ಪನೆ, ಅಚ್ಚುಕಟ್ಟು. ಪ್ರತಿಯೊಂದಕ್ಕೂ ತೀರ್ಪುಗಾರರು 1ರಿಂದ 5ರ ಒಳಗೆ ಅಂಕ ಕೊಡುತ್ತಾರೆ. ಆಮೇಲೆ ಎಳೆ ಮತ್ತು ಅಳತೆಯ ಅಂಕವನ್ನು ಐದರಿಂದ, ಬಣ್ಣ ಮತ್ತು ಕಲ್ಪನೆಯದನ್ನು ನಾಲ್ಕರಿಂದ, ಅಚ್ಚುಕಟ್ಟಿನದನ್ನು ಎರಡರಿಂದ ಗುಣಿಸಿ ಕೂಡಿದರೆ ಒಟ್ಟು ನೂರಕ್ಕೆ ಬರುತ್ತದೆ. ಎಳೆ ಮತ್ತು ಅಳತೆಗೆ ಅರ್ಧ ಅಂಕ ಯಾಕೆ ಎಂದು ಕೇಳಬಹುದು. ಕೈಚಳಕ ಇರುವುದು ಅಲ್ಲಿ ಎಂಬುದು ನನ್ನ ಅಭಿಪ್ರಾಯ. ನಿಮ್ಮ ಬಡಾವಣೆಯವರಿಗೆ ಬಣ್ಣವೇ ಮುಖ್ಯ ಎನಿಸಿದರೆ ಅದಕ್ಕೆ ಐದು ಇಡಲಿ. ಯಾವುದಕ್ಕೆ ಎಷ್ಟು ಎಂಬುದು ರಂಗೋಲಿ ಬಿಡಿಸುವ ವಾರದ ಮುಂಚೆ ಎಲ್ಲರ ಕೈಯಲ್ಲಿರಬೇಕು, ಅಷ್ಟೇ. ಬಣ್ಣಕ್ಕೆ ಇಷ್ಟೇ ತೂಕ ಎಂದು ತಿಳಿದವರು ಆ ಬೆಳಗಿನ ಜಾವದ ಸಮಯವನ್ನು ಎಳೆಯ ಮೇಲೆ ಹಾಕುತ್ತಾರೆ.

ಕಲಮಿನ ಹೆಸರು ಬರೆದರೆ ಸಾಲದು. 5 ಎಂದರೆ ಏನು, 3 ಎಂದರೆ ಏನು, 1 ಎಂದರೆ ಏನು ಎಂದು ಕಣ್ಣಿಗೆ ಕಾಣುವ ಮಾತಿನಲ್ಲಿ ಬರೆಯಬೇಕು. "ಅತ್ಯುತ್ತಮ, ಉತ್ತಮ, ಸಾಧಾರಣ" ಎಂದು ಬರೆದರೆ ಜಗಳವನ್ನು ಇನ್ನೊಂದು ಪದಕ್ಕೆ ಸಾಗಿಸಿದಂತೆ. ಎಳೆಯನ್ನೇ ತೆಗೆದುಕೊಳ್ಳಿ. ಹೆಬ್ಬೆರಳು ತೋರುಬೆರಳಿನ ನಡುವಿನಿಂದ ಪುಡಿ ಇಳಿಯುವಾಗ ಕೈ ಓಡುತ್ತಿದ್ದರೆ ಎಳೆ ಒಂದೇ ದಪ್ಪ ಬರುತ್ತದೆ. ಕೈ ಅನುಮಾನಿಸಿ ನಿಂತಲ್ಲಿ ಪುಡಿ ಗುಡ್ಡೆಯಾಗಿ ಸಣ್ಣ ಗಂಟು ಬೀಳುತ್ತದೆ. ಪುಡಿ ಮುಗಿದು ಮತ್ತೆ ಚಿಟಿಕೆ ತೆಗೆದುಕೊಂಡು ಮುಂದುವರಿಸಿದ ಜಾಗವೂ ಗೊತ್ತಾಗುತ್ತದೆ, ಅಲ್ಲಿ ಎಳೆ ತುಸು ದಪ್ಪ. ಆದ್ದರಿಂದ ಪಟ್ಟಿಯಲ್ಲಿ ಹೀಗೆ ಬರೆಯಬಹುದು. 5: ಎಳೆ ಉದ್ದಕ್ಕೂ ಒಂದೇ ದಪ್ಪ, ಎಲ್ಲಿ ಕೂಡಿಸಿದ್ದಾರೆ ಎಂದು ಹುಡುಕಬೇಕು. 3: ತಿರುವುಗಳು ನಯವಾಗಿವೆ, ಆದರೆ ಕೂಡುವಲ್ಲಿ ಗಂಟು ಕಾಣುತ್ತದೆ, ಅಲ್ಲಲ್ಲಿ ದಪ್ಪ ತೆಳು. 1: ಎಳೆ ಹರಿದಿದೆ, ಪುಡಿ ಚೆದುರಿದೆ. 4 ಮತ್ತು 2 ಇವುಗಳ ನಡುವೆ ತಾವಾಗಿ ಕೂರುತ್ತವೆ.

ಅಳತೆಯ ಕಲಮಿಗೆ ಚುಕ್ಕಿ ರಂಗೋಲಿಯಲ್ಲಿ ಲೆಕ್ಕವೇ ಸಹಾಯಕ್ಕೆ ಬರುತ್ತದೆ. "ಹದಿನೈದರಿಂದ ಎಂಟು, ಸಂದು ಚುಕ್ಕಿ" ಎಂದು ನಮ್ಮ ಅಕ್ಕಂದಿರು ಪುಸ್ತಕ ನೋಡದೆ ಹೇಳುವ ವಿನ್ಯಾಸವನ್ನೇ ನೋಡಿ. ಮಧ್ಯದ ಸಾಲಿನಲ್ಲಿ 15 ಚುಕ್ಕಿ. ಅದರ ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ 14, ಆಮೇಲೆ 13, ಹೀಗೆ ಎರಡೂ ಕಡೆ 8ರವರೆಗೆ. ಒಟ್ಟು 169 ಚುಕ್ಕಿ. ಹೊರ ಅಂಚಿನ ಆರೂ ಬದಿಯಲ್ಲಿ ಎಂಟೆಂಟು ಚುಕ್ಕಿ ಬಂದು ಆರು ಮೂಲೆಯ ಆಕಾರ ಆಗುತ್ತದೆ. ಇದರ ಮೇಲೆ ಆರೆಸಳಿನ ಹೂವು ಬಿಡಿಸಿದರೆ ಆರೂ ಎಸಳು ಒಂದೇ ಸಮ ಬರಬೇಕು. ಬರಬೇಕಾದರೆ ಒಂದು ಗುಟ್ಟಿದೆ. ಸಾಲಿನಲ್ಲಿ ಚುಕ್ಕಿಯಿಂದ ಚುಕ್ಕಿಗೆ ಎರಡಂಗುಲ ಬಿಟ್ಟರೆ, ಸಾಲಿನಿಂದ ಸಾಲಿಗೆ ಎರಡಂಗುಲ ಬಿಡಬಾರದು, ಸುಮಾರು ಒಂದೂಮುಕ್ಕಾಲು ಅಂಗುಲವೇ ಬಿಡಬೇಕು. ಹತ್ತಿರದ ಮೂರು ಚುಕ್ಕಿಗಳು ಸಮಬದಿಯ ತ್ರಿಕೋನ ಆಗುವುದು ಆಗಲೇ. ಅಭ್ಯಾಸ ಇರುವವರ ಕಣ್ಣು ಇದನ್ನು ಹೇಳದೆಯೇ ಮಾಡುತ್ತದೆ. ಹೊಸಬರು ಸಾಲುಗಳ ನಡುವೆಯೂ ಅಷ್ಟೇ ಅಂತರ ಬಿಟ್ಟು, ಹೂವು ಉದ್ದಕ್ಕೆ ಎಳೆದಂತೆ ಆಗಿ, ಎಲ್ಲಿ ತಪ್ಪಿತೆಂದು ತಿಳಿಯದೆ ಒದ್ದಾಡುತ್ತಾರೆ.

ಇಲ್ಲೊಂದು ತಮಾಷೆಯಿದೆ. ಉದ್ದಕ್ಕೆ ಎಳೆದುಕೊಂಡ ಈ ಹೂವನ್ನೇ ಓರೆಯಾಗಿ ಫೋಟೊ ತೆಗೆದರೆ ಕ್ಯಾಮೆರಾ ಅದನ್ನು ಉದ್ದದಲ್ಲಿ ಅದುಮುತ್ತದೆ. ಎರಡು ತಪ್ಪು ಸೇರಿ ಹೂವು ಸರಿಯಾಗಿದ್ದಂತೆ ಕಾಣುತ್ತದೆ! ಸರಿಯಾಗಿ ಬಿಡಿಸಿದವರ ಹೂವು ಅದೇ ಓರೆಯಲ್ಲಿ ಚಪ್ಪಟೆಯಾಗಿ ಕಾಣುತ್ತದೆ. ಚೀಟಿಯ ಚೌಕ ನೋಡದ ತೀರ್ಪುಗಾರರು ಇಲ್ಲಿ ತಲೆಕೆಳಗಾದ ತೀರ್ಪು ಕೊಡುವುದು ಖಂಡಿತ.

ಸುತ್ತು ರಂಗೋಲಿಯಾದರೆ ಅಳತೆಯ ಜೊತೆ ಇನ್ನೊಂದು ಪರೀಕ್ಷೆ ಸಾಧ್ಯ. ಎಳೆ ಚುಕ್ಕಿಗಳನ್ನು ಬಳಸಿಕೊಂಡು ಹೋಗಿ ಹೊರಟಲ್ಲಿಗೇ ಬಂದು ಸೇರಬೇಕು. ಫೋಟೊದ ಮೇಲೆ ಬೆರಳಿಟ್ಟು ಹಿಂಬಾಲಿಸಿದರೆ ಬಿಟ್ಟುಹೋದ ಚುಕ್ಕಿ, ತಪ್ಪಿದ ತಿರುವು ಸಿಕ್ಕಿಬೀಳುತ್ತದೆ. ಇದರಲ್ಲಿ ಅಭಿಪ್ರಾಯಕ್ಕೆ ಜಾಗವೇ ಇಲ್ಲ.

ಬಣ್ಣದ ಕಲಮಿನಲ್ಲಿ ಹೊಳಪಿಗೆ ಅಂಕ ಕೊಡಬಾರದು, ಫೋನುಗಳು ಅದನ್ನು ತಾವೇ ಹೆಚ್ಚಿಸುತ್ತವೆ. ನೋಡಬೇಕಾದದ್ದು ಅಂಚು. ಬಣ್ಣ ಎಳೆ ದಾಟಿ ಪಕ್ಕದ ಮನೆಗೆ ಹೋಗಿದೆಯೇ, ಜರಡಿ ಹಿಡಿದು ಉದುರಿಸಿದಂತೆ ಸಮವಾಗಿ ಕೂತಿದೆಯೇ, ಇಲ್ಲವೇ ಅಲ್ಲಲ್ಲಿ ನೆಲ ಇಣುಕುತ್ತಿದೆಯೇ. ಬಣ್ಣವನ್ನೇ ಹಾಕದ ಬರೀ ಬಿಳಿ ಎಳೆಯ ರಂಗೋಲಿ ಬಂದರೆ? ಇದನ್ನು ನಿಯಮದಲ್ಲಿ ಮೊದಲೇ ತೀರ್ಮಾನಿಸದಿದ್ದರೆ ಆ ದಿನ ಒಬ್ಬರು 1 ಕೊಡುತ್ತಾರೆ, ಒಬ್ಬರು 5 ಕೊಡುತ್ತಾರೆ. ಬಿಳಿ ಎಳೆ, ಕೆಮ್ಮಣ್ಣಿನ ಅಂಚು, ನೆಲದ ಬಣ್ಣ ಇವುಗಳ ಹೊಂದಿಕೆಯನ್ನೇ ಬಣ್ಣ ಎಂದು ಎಣಿಸತಕ್ಕದ್ದು ಎಂದು ಒಂದು ಸಾಲು ಬರೆದರೆ ಮುಗಿಯಿತು.

ಅತಿ ಹೆಚ್ಚು ಮನಸ್ತಾಪ ತರುವುದು ಕಲ್ಪನೆಯ ಕಲಮು. ಕಬ್ಬು, ಎಳ್ಳುಬೆಲ್ಲದ ತಟ್ಟೆ, ಕಿಚ್ಚು ಹಾಯಿಸುವ ಎತ್ತು ಎಂದು ಕೈಯಿಂದಲೇ ಚಿತ್ರ ಬರೆದವರಿಗೆ ಇಲ್ಲಿ ಸಲೀಸಾಗಿ 5 ಬೀಳುತ್ತದೆ. ಅಜ್ಜಿಯಿಂದ ಬಂದ ಚುಕ್ಕಿ ವಿನ್ಯಾಸವನ್ನು ಒಂದು ಚುಕ್ಕಿಯೂ ತಪ್ಪದೆ ಬಿಡಿಸಿದವರಿಗೆ "ಇದು ಪುಸ್ತಕದ್ದಲ್ಲವೇ" ಎಂದು 2. ಅಂದರೆ ಸಂಪ್ರದಾಯದ ರಂಗೋಲಿ ಸ್ಪರ್ಧೆ ಶುರುವಾಗುವ ಮೊದಲೇ ಹನ್ನೆರಡು ಅಂಕ ಕಳೆದುಕೊಂಡಿರುತ್ತದೆ. ಸರಿಯಾದ ದಾರಿ ಎಂದರೆ ಚುಕ್ಕಿ ರಂಗೋಲಿಗೆ ಒಂದು ವಿಭಾಗ, ಚಿತ್ರ ರಂಗೋಲಿಗೆ ಇನ್ನೊಂದು. ಬಹುಮಾನಕ್ಕೆ ಅಷ್ಟು ದುಡ್ಡಿಲ್ಲ ಎಂದಾದರೆ ಚುಕ್ಕಿ ರಂಗೋಲಿಯವರಿಗೆ ಕಲ್ಪನೆ ಎಂದರೆ ಏನು ಎಂದು ಬೇರೆಯಾಗಿ ಬರೆಯಬೇಕು: ಇರುವ ಜಾಗಕ್ಕೆ ವಿನ್ಯಾಸವನ್ನು ಹೇಗೆ ಒಗ್ಗಿಸಿದ್ದಾರೆ, ಅಂಚನ್ನು ಹೇಗೆ ಕಟ್ಟಿದ್ದಾರೆ, ಎಸಳಿನ ಒಳಗೆ ತಮ್ಮದೆಂದು ಏನು ಸೇರಿಸಿದ್ದಾರೆ.

ಅಚ್ಚುಕಟ್ಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೆಜ್ಜೆ ಗುರುತು, ಒರೆಸಿದ ಕಲೆ, ಅರ್ಧಕ್ಕೆ ಬಿಟ್ಟ ಮೂಲೆ ಇವೆಯೇ ಎಂದು ನೋಡಿದರೆ ಆಯಿತು.

ತೀರ್ಪುಗಾರರ ಕೈಗೆ ಫೋಟೊ ಕೊಡುವ ಮೊದಲು ಒಬ್ಬ ಕಾರ್ಯಕರ್ತೆ ಎಲ್ಲವನ್ನೂ ರಂಗೋಲಿ ಮತ್ತು ಚೀಟಿ ಮಾತ್ರ ಉಳಿಯುವಂತೆ ಕತ್ತರಿಸಬೇಕು. ಹೆಸರು ತೆಗೆದು ಸಂಖ್ಯೆ ಉಳಿಸಿದರೆ ಸಾಕೆಂದು ಅನೇಕರು ಎಣಿಸುತ್ತಾರೆ. ಹೊಸ್ತಿಲು, ಗೇಟಿನ ಬಣ್ಣ, ತುಳಸಿಕಟ್ಟೆ, ನಿಲ್ಲಿಸಿದ ಸ್ಕೂಟರು ಇವುಗಳಲ್ಲಿ ಒಂದು ಕಂಡರೂ ಮನೆ ಯಾರದೆಂದು ಬಡಾವಣೆಯವರಿಗೆ ಗೊತ್ತಾಗುತ್ತದೆ. ತೀರ್ಪುಗಾರರನ್ನು ಪಕ್ಕದ ಬಡಾವಣೆಯಿಂದ ಕರೆಸುವುದು ಇನ್ನೂ ಮೇಲು.

ಫೋಟೊ ನೋಡುವ ಕ್ರಮಕ್ಕೂ ಫಲಿತಾಂಶಕ್ಕೂ ಸಂಬಂಧವಿದೆ. ಬೆಲ್ಜಿಯಂನ ಕ್ವೀನ್ ಎಲಿಜಬೆತ್ ಪಿಯಾನೊ ಸ್ಪರ್ಧೆಯಲ್ಲಿ ಯಾರು ಯಾವ ದಿನ ನುಡಿಸಬೇಕು ಎಂಬುದನ್ನು ಚೀಟಿ ಎತ್ತಿ ನಿರ್ಧರಿಸುತ್ತಾರೆ. ಹಲವು ವರ್ಷಗಳ ಫಲಿತಾಂಶವನ್ನು ಅರ್ಥಶಾಸ್ತ್ರಜ್ಞರು ತಿರುವಿಹಾಕಿದಾಗ ಮೊದಲ ದಿನ ನುಡಿಸಿದವರು ಹಿಂದೆ ಬಿದ್ದಿದ್ದು ಕಂಡಿತು. ಪಾಪ, ಅವರ ಬೆರಳಿನಲ್ಲಿ ಏನೂ ತಪ್ಪಿರಲಿಲ್ಲ, ಸರದಿಯದ್ದೇ ತಪ್ಪು. ಅಂಥ ದೊಡ್ಡ ಸಂಗೀತಜ್ಞರ ಕಿವಿಗೇ ಹೀಗಾಗುವಾಗ ನಮ್ಮ ಕಣ್ಣಿನ ಮಾತೇನು. ಒಂದರಿಂದ ನಲವತ್ತರವರೆಗೆ ಮೂವರೂ ಒಂದೇ ಸರದಿಯಲ್ಲಿ ನೋಡಿದರೆ ಮೊದಲ ಕೆಲವು ಮನೆಗಳಿಗೆ ಮೂವರ ಬಿಗಿ ಕೈಯೂ ಬೀಳುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಬಗೆಯಲ್ಲಿ ಕಲೆಸಿ ಕೊಟ್ಟರೆ ಆ ಹೊರೆ ಹಂಚಿಹೋಗುತ್ತದೆ.

ಇನ್ನೊಂದು ಅಭ್ಯಾಸವನ್ನು ತೀರ್ಪುಗಾರರಿಗೆ ಒತ್ತಾಯ ಮಾಡಿಯಾದರೂ ಹಿಡಿಸಬೇಕು. ಒಂದು ಫೋಟೊ ತೆಗೆದು ಐದೂ ಕಲಮು ತುಂಬಿ ಮುಂದಿನದಕ್ಕೆ ಹೋಗಬಾರದು. ಮೊದಲು ನಲವತ್ತಕ್ಕೂ ಎಳೆಯ ಅಂಕ, ಆಮೇಲೆ ನಲವತ್ತಕ್ಕೂ ಅಳತೆಯ ಅಂಕ, ಹೀಗೆ ಕಲಮು ಕಲಮಾಗಿ ಹೋಗಬೇಕು. ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ 1920ರಲ್ಲಿ ಒಂದು ವಿಷಯ ಬರೆದ. ಸೇನಾಧಿಕಾರಿಗಳು ತಮ್ಮ ಕೈಕೆಳಗಿನವರ ಮೈಕಟ್ಟು, ಬುದ್ಧಿ, ನಾಯಕತ್ವ, ಗುಣ ಎಂದು ಬೇರೆ ಬೇರೆ ಅಂಕ ಕೊಟ್ಟಿದ್ದರೂ ಒಂದರಲ್ಲಿ ಹೆಚ್ಚು ಪಡೆದವನಿಗೆ ಎಲ್ಲದರಲ್ಲೂ ಹೆಚ್ಚು ಬಿದ್ದಿತ್ತು. ಒಟ್ಟು ಅಭಿಪ್ರಾಯ ಮೊದಲು ಹುಟ್ಟಿ, ಬಿಡಿ ಅಂಕಗಳೆಲ್ಲ ಅದರ ಬಣ್ಣ ಹಚ್ಚಿಕೊಂಡಿದ್ದವು. ಕಣ್ಣು ಕುಕ್ಕುವ ನವಿಲಿನ ರಂಗೋಲಿ ನೋಡಿದ ಕೂಡಲೇ ಅದರ ಹರಿದ ಎಳೆಗೂ 4 ಬರೆಯುವುದು ಇದೇ ರೋಗ. ಒಂದು ಫೋಟೊಗೆ ಒಂದು ಕಲಮಿಗೆ ಇಪ್ಪತ್ತು ಸೆಕೆಂಡು ಎಂದರೂ ನಲವತ್ತು ಫೋಟೊ ಐದು ಕಲಮಿಗೆ ಒಂದು ಗಂಟೆ ಏಳು ನಿಮಿಷ ಹಿಡಿಯುತ್ತದೆ. ಮಧ್ಯೆ ಒಂದು ಕಾಫಿ ಕೊಟ್ಟರೆ ಯಾರೂ ಗೊಣಗುವುದಿಲ್ಲ.

ಇಷ್ಟೆಲ್ಲ ಸರಿಯಾಗಿ ಮಾಡಿದ ಮೇಲೂ ಕೂಡುವ ಹಂತದಲ್ಲಿ ಇಡೀ ಸ್ಪರ್ಧೆ ಮಗುಚಿಕೊಳ್ಳಬಹುದು. ಕೊನೆಗೆ 7, 12, 19 ಈ ಮೂರು ಸಂಖ್ಯೆಗಳು ಮಾತ್ರ ಕಣದಲ್ಲಿ ಉಳಿದಿವೆ ಎಂದುಕೊಳ್ಳಿ. ಮೂವರು ತೀರ್ಪುಗಾರರು ನೂರಕ್ಕೆ ಕೊಟ್ಟ ಅಂಕ ಹೀಗಿದೆ:

ಸಂಖ್ಯೆ 7: 85, 82, 62. ಒಟ್ಟು 229.
ಸಂಖ್ಯೆ 12: 82, 80, 72. ಒಟ್ಟು 234.
ಸಂಖ್ಯೆ 19: 78, 76, 90. ಒಟ್ಟು 244.

ಒಟ್ಟು ನೋಡಿದರೆ 19 ಮೊದಲು, 12 ಎರಡನೆಯದು, 7 ಕೊನೆ. ಆದರೆ ಮೊದಲ ಇಬ್ಬರು ತೀರ್ಪುಗಾರರನ್ನು ಬೇರೆಬೇರೆಯಾಗಿ ಕೇಳಿದರೆ ಇಬ್ಬರೂ 7 ಮೊದಲು, 12 ಎರಡನೆಯದು, 19 ಕೊನೆ ಎನ್ನುತ್ತಾರೆ. ಮೂವರಲ್ಲಿ ಇಬ್ಬರು ಕೊನೆಗೆ ಇಟ್ಟದ್ದು ಮೊದಲ ಬಹುಮಾನ ಹೊಡೆಯಿತು, ಇಬ್ಬರು ಮೊದಲು ಇಟ್ಟದ್ದು ಬರಿಗೈಯಲ್ಲಿ ಹೋಯಿತು. ಯಾರೂ ಮೋಸ ಮಾಡಿಲ್ಲ. ಮೊದಲ ಇಬ್ಬರ ಅಂಕಗಳು ಏಳು, ಆರು ಅಂಕದ ಅಂತರದಲ್ಲಿ ಮುಗಿದವು. ಮೂರನೆಯವರ ಅಂಕ 62ರಿಂದ 90ರವರೆಗೆ ಚಾಚಿಕೊಂಡಿತು. ಮೂವರು ಹಾಡುವಾಗ ಒಬ್ಬರ ಮುಂದೆ ಮಾತ್ರ ಮೈಕ್ ಇಟ್ಟಂತೆ, ಅಂಕವನ್ನು ಅಗಲವಾಗಿ ಹರಡುವವರ ದನಿಯೇ ಒಟ್ಟಿನಲ್ಲಿ ಕೇಳುತ್ತದೆ.

ಇದಕ್ಕೆ ಬಡಾವಣೆಯ ಮಟ್ಟದಲ್ಲಿ ಸುಲಭವಾದ ಮದ್ದು, ಅಂಕ ಕೂಡುವ ಬದಲು ಸ್ಥಾನ ಕೂಡುವುದು. ಪ್ರತಿ ತೀರ್ಪುಗಾರರ ಪಟ್ಟಿಯಲ್ಲಿ ಯಾವುದು ಒಂದನೆಯದು, ಯಾವುದು ಎರಡನೆಯದು ಎಂದು ಬರೆದು ಆ ಸ್ಥಾನಗಳನ್ನು ಕೂಡಿ, ಕಡಿಮೆ ಬಂದವರು ಗೆದ್ದರು ಎನ್ನುವುದು. ಮೇಲಿನ ಲೆಕ್ಕದಲ್ಲಿ 7ಕ್ಕೆ 1, 1, 3 ಸೇರಿ 5. 12ಕ್ಕೆ 2, 2, 2 ಸೇರಿ 6. 19ಕ್ಕೆ 3, 3, 1 ಸೇರಿ 7. ಫಲಿತಾಂಶ ಪೂರ್ತಿ ತಿರುವುಮುರುವು. ಕಂಪ್ಯೂಟರಿನಲ್ಲಿ ಮಾಡುವವರು ಪ್ರತಿ ತೀರ್ಪುಗಾರರಿಗೆ ಒಂದು ಹಾಳೆ ಮಾಡಿ, `A`ಯಲ್ಲಿ ಸಂಖ್ಯೆ, `B`ಯಿಂದ `F`ವರೆಗೆ ಐದು ಕಲಮು ತುಂಬಿ, ಒಟ್ಟಿಗೂ ಸ್ಥಾನಕ್ಕೂ ಈ ಎರಡು ಸೂತ್ರಗಳನ್ನು `G`, `H`ಗಳಲ್ಲಿ ಹಾಕಿದರೆ ಸಾಕು. ಇಬ್ಬರು ಸಮ ಬಂದರೆ ಎರಡನೇ ಸೂತ್ರ ಸ್ಥಾನವನ್ನು ಹಂಚಿಕೊಡುತ್ತದೆ.

```
=5*B2+5*C2+4*D2+4*E2+2*F2
=RANK.AVG(G2,G$2:G$41,0)
```

ಹಾಗಾದರೆ ಸ್ಥಾನದ ಲೆಕ್ಕವೇ ಸರಿ, ಅಂಕದ ಲೆಕ್ಕ ತಪ್ಪು ಎನ್ನಬಹುದೇ? ಹಾಗೂ ಅಲ್ಲ. ಸ್ಥಾನ ಕೂಡಿದಾಗ ಒಂದು ಅಂಕದ ಅಂತರವೂ ಇಪ್ಪತ್ತು ಅಂಕದ ಅಂತರವೂ ಒಂದೇ ಆಗುತ್ತದೆ. ಮೂರನೆಯವರು ಉಳಿದಿಬ್ಬರಿಗೆ ಕಾಣದ್ದನ್ನು ಕಂಡಿರಬಹುದು, ಅಥವಾ ಇಲ್ಲದ್ದನ್ನು ಕಂಡಿರಬಹುದು. ಅದನ್ನು ತಿಳಿಯಲು ಬಿಡಿ ಕಲಮಿಗೆ ಹೋಗಬೇಕು. ಸಂಖ್ಯೆ 7ಕ್ಕೆ ಎಳೆಯಲ್ಲಿ ಮೂವರೂ ಕೊಟ್ಟದ್ದು 5, 4, 4. ಬಣ್ಣದಲ್ಲಿ 4, 4, 3. ಕಲ್ಪನೆಯಲ್ಲೂ 4, 4, 3. ಅಚ್ಚುಕಟ್ಟಿನಲ್ಲಿ 4, 5, 4. ಅಳತೆಯಲ್ಲಿ ಮಾತ್ರ 4, 4, 2. ಒಂದೇ ಕಲಮಿನಲ್ಲಿ ಎರಡು ಅಂಕದ ಬಿರುಕು ಕಂಡರೆ ಮೂವರೂ ಆ ಫೋಟೊವನ್ನು, ಆ ಕಲಮಿಗಾಗಿ ಮಾತ್ರ, ಒಟ್ಟಿಗೆ ಕೂತು ಮತ್ತೆ ನೋಡತಕ್ಕದ್ದು ಎಂಬ ನಿಯಮ ಮೊದಲೇ ಇರಬೇಕು. ನೋಡಿದಾಗ ಕಂಡದ್ದು ಇದು: ದೂರದ ಎರಡು ದಳ ಚಿಕ್ಕದಾಗಿವೆ ಎಂದು ಮೂರನೆಯವರು 2 ಕೊಟ್ಟಿದ್ದರು. ಚೀಟಿಯನ್ನು ನೋಡಿದರೆ ಅದರ ದೂರದ ಅಂಚೂ ಅದೇ ಪ್ರಮಾಣದಲ್ಲಿ ಚಿಕ್ಕದಾಗಿತ್ತು. ದಳಗಳಲ್ಲಿ ಚುಕ್ಕಿ ಎಣಿಸಿದರೆ ಎಲ್ಲದರಲ್ಲೂ ಒಂದೇ. ಅವರು 2 ಹೊಡೆದು 4 ಬರೆದು, "ಫೋಟೊ ಓರೆ" ಎಂದು ಕಾರಣ ಬರೆದು ಸಹಿ ಹಾಕಿದರು. ಅವರ ಒಟ್ಟು 62ರಿಂದ 72ಕ್ಕೆ ಏರಿತು, 12ರ ಜೊತೆ ಸಮವಾಯಿತು.

ಈಗ ಸ್ಥಾನದ ಲೆಕ್ಕದಲ್ಲಿ 7ಕ್ಕೆ ನಾಲ್ಕೂವರೆ, 12ಕ್ಕೆ ಆರೂವರೆ, 19ಕ್ಕೆ ಏಳು. ಅಂಕದ ಲೆಕ್ಕದಲ್ಲಿ 19ಕ್ಕೆ 244, 7ಕ್ಕೆ 239, 12ಕ್ಕೆ 234. ತಪ್ಪು ತಿದ್ದಿದ ಮೇಲೂ ಎರಡು ಲೆಕ್ಕಕ್ಕೆ ಇಬ್ಬರು ಬೇರೆ ವಿಜೇತರು. ಆದ್ದರಿಂದಲೇ ಯಾವ ಲೆಕ್ಕ ಎಂಬುದನ್ನು ಒಂದೂ ಫೋಟೊ ಬರುವ ಮೊದಲು ಬರೆದಿಟ್ಟಿರಬೇಕು. ಅಂಕ ಕಂಡ ಮೇಲೆ ಲೆಕ್ಕ ಆರಿಸಿದರೆ ವಿಜೇತರನ್ನೇ ಆರಿಸಿದಂತೆ. ಸ್ಥಾನದ ಲೆಕ್ಕ ಇಟ್ಟುಕೊಂಡವರು ಇನ್ನೊಂದನ್ನು ನೆನಪಿಡಬೇಕು. ಅಚ್ಚು ಬಳಸಿದ್ದಕ್ಕೋ ಚೀಟಿ ಇಲ್ಲದ್ದಕ್ಕೋ ಹೊರಗಿಡುವ ಫೋಟೊಗಳನ್ನು ಸ್ಥಾನ ಹಾಕುವ ಮೊದಲೇ ಹೊರಗಿಡಬೇಕು. ಆಮೇಲೆ ತೆಗೆದರೆ ಕೆಳಗಿನವರ ಸ್ಥಾನಗಳು ಮೇಲೆ ಸರಿದು, ಆ ಫೋಟೊಗೆ ಸಂಬಂಧವೇ ಇಲ್ಲದ ಇಬ್ಬರ ನಡುವಿನ ಕ್ರಮವೂ ಬದಲಾಗಬಹುದು. ಒಟ್ಟಿನಲ್ಲಿ ಇಬ್ಬರು ಸಮ ಬಂದರೆ ಎಳೆಯ ಅಂಕ ನೋಡುವುದು, ಅದೂ ಸಮವಾದರೆ ಅಳತೆ, ಅದೂ ಸಮವಾದರೆ ಬಹುಮಾನ ಹಂಚುವುದು ಎಂಬುದನ್ನೂ ಅದೇ ಕಾಗದದಲ್ಲಿ ಬರೆಯಬಹುದು.

ಕೆಲವು ಕಡೆ ಗುಂಪಿನಲ್ಲಿ ಫೋಟೊ ಹಾಕಿ ಯಾರಿಗೆ ಹೆಚ್ಚು ಲೈಕ್ ಬಂತು ಎಂದು ಎಣಿಸುತ್ತಾರೆ. ಅದು ಯಾರಿಗೆ ಹೆಚ್ಚು ನೆಂಟರಿದ್ದಾರೆ ಎಂಬ ಸ್ಪರ್ಧೆ. ಜನಮೆಚ್ಚುಗೆಯ ಬಹುಮಾನ ಎಂದು ಬೇರೆಯಾಗಿ ಒಂದು ಉಕ್ಕಿನ ಡಬ್ಬಿ ಕೊಡಲು ಅಡ್ಡಿಯಿಲ್ಲ, ಅದನ್ನು ಈ ಅಂಕದೊಳಗೆ ಬೆರೆಸಬಾರದು.

ಫಲಿತಾಂಶದ ದಿನ ಏನನ್ನು ತೆರೆದಿಡಬೇಕು ಎಂಬುದರಲ್ಲಿ ಸ್ವಲ್ಪ ನಾಜೂಕು ಬೇಕು. ನಲವತ್ತೂ ಸಂಖ್ಯೆಗಳ ಐದೂ ಕಲಮು, ಮೂವರ ಅಂಕವನ್ನೂ ಸೂಚನಾ ಫಲಕಕ್ಕೆ ಅಂಟಿಸುವುದೇ ಒಳ್ಳೆಯದು. ಆದರೆ ಸಂಖ್ಯೆಯ ಎದುರು ಹೆಸರು ಬಹುಮಾನ ಬಂದವರದು ಮಾತ್ರ. ತಮ್ಮ ಸಂಖ್ಯೆ ತಮಗೆ ಗೊತ್ತಿರುವುದರಿಂದ ಉಳಿದವರು ತಮ್ಮದನ್ನು ತಾವೇ ನೋಡಿಕೊಳ್ಳುತ್ತಾರೆ, ಮೊದಲ ಸಲ ಕೈ ಹಚ್ಚಿದ ಹುಡುಗಿ ಮೂವತ್ತೊಂಬತ್ತನೆಯವಳು ಎಂದು ಇಡೀ ಬೀದಿಗೆ ಗೊತ್ತಾಗಬೇಕಿಲ್ಲ. ತೀರ್ಪುಗಾರರ ಹೆಸರುಗಳನ್ನು ಹೇಳಬೇಕು, ಯಾವ ಸಾಲಿನ ಅಂಕ ಯಾರದು ಎಂದು ಹೇಳಬೇಕಿಲ್ಲ. ಹೇಳಿದರೆ ಮುಂದಿನ ವರ್ಷ ಯಾರೂ ಬರುವುದಿಲ್ಲ, ಬಂದರೂ ಎಲ್ಲರಿಗೂ 4 ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ.

ತಕರಾರಿಗೆ ಒಂದು ದಿನ ಕೊಟ್ಟರೆ ಸಾಕು. ಕೂಡುವಿಕೆ ತಪ್ಪಿದೆ, ಕ್ಯಾಮೆರಾದ ತಪ್ಪನ್ನು ಕೈಯ ತಪ್ಪೆಂದು ಎಣಿಸಿದ್ದಾರೆ, ನಿಯಮ ಮೀರಿದ ಫೋಟೊವನ್ನು ಒಳಗೆ ಬಿಟ್ಟಿದ್ದಾರೆ ಎಂಬಂಥ ದೂರನ್ನು ಕಡ್ಡಾಯವಾಗಿ ನೋಡಬೇಕು. "ನನಗೆ ಬಣ್ಣಕ್ಕೆ 3 ಯಾಕೆ, 4 ಯಾಕಿಲ್ಲ" ಎಂಬ ದೂರಿಗೆ ಪಟ್ಟಿಯಲ್ಲಿ ಬರೆದ 3ರ ವಿವರಣೆಯನ್ನು ತೋರಿಸಬಹುದು, ಅದಕ್ಕಿಂತ ಹೆಚ್ಚು ಮಾಡಲಾಗದು. ಎಲ್ಲ ಮುಗಿದ ಮೇಲೆ, ಬಿಡಿಸಿದವರ ಒಪ್ಪಿಗೆ ಪಡೆದು, ಎಳೆಗೆ ಮೂವರೂ 5 ಕೊಟ್ಟ ಒಂದು ಫೋಟೊ, ಮೂವರೂ 3 ಕೊಟ್ಟ ಒಂದು ಫೋಟೊ, ಹೀಗೆ ಪ್ರತಿ ಕಲಮಿಗೂ ಎರಡೆರಡು ತೆಗೆದಿಟ್ಟುಕೊಳ್ಳಬೇಕು. ಮುಂದಿನ ಸಂಕ್ರಾಂತಿಗೆ ನಿಯಮದ ಹಾಳೆಯ ಜೊತೆ ಮನೆಮನೆಗೆ ಹೋಗಬೇಕಾದ ಮಾದರಿ ಅವೇ, ಹೊಸ ತೀರ್ಪುಗಾರರು ಕೈ ಕುದುರಿಸಿಕೊಳ್ಳಲು ಮೊದಲು ಅಂಕ ಕೊಟ್ಟು ನೋಡಬೇಕಾದದ್ದೂ ಅವಕ್ಕೇ.